ಎರಡು ಸಾಲು, ಮೂರು ಕಂಬ: ಇಂತಹ ಮಾತೃಕೆಗೆ ವಿಲೋಮವುಂಟೆ?

ಸಂಖ್ಯೆಗಳನ್ನು ಅಡ್ಡಸಾಲು ಮತ್ತು ಕಂಬಸಾಲುಗಳಲ್ಲಿ ಆಯತಾಕಾರವಾಗಿ ಜೋಡಿಸಿದರೆ ಮಾತೃಕೆ ಆಗುತ್ತದೆ. ಅಡ್ಡಸಾಲುಗಳೂ ಕಂಬಸಾಲುಗಳೂ ಸಮಸಂಖ್ಯೆಯಲ್ಲಿದ್ದರೆ ಅದು ವರ್ಗ ಮಾತೃಕೆ. ಒಂದು ಮಾತೃಕೆಯನ್ನು ಇನ್ನೊಂದರಿಂದ ಗುಣಿಸಿದಾಗ, ಕರ್ಣದಲ್ಲಿ 1ಗಳೂ ಉಳಿದೆಡೆ 0ಗಳೂ ಇರುವ ಏಕಮಾನ ಮಾತೃಕೆ ದೊರೆತರೆ, ಆ ಎರಡನೆಯದನ್ನು ಮೊದಲನೆಯದರ ವಿಲೋಮವೆನ್ನುವುದು ವಾಡಿಕೆ. ವಿಲೋಮವಿರುವುದು ವರ್ಗ ಮಾತೃಕೆಗೆ ಮಾತ್ರ ಎಂಬ ವಾಕ್ಯವನ್ನು ವಿದ್ಯಾರ್ಥಿಗಳು ಕಂಠಪಾಠ ಮಾಡಿರುತ್ತಾರೆ. ಆದರೆ ಅದಕ್ಕೆ ಕಾರಣವೇನೆಂದು ಕೇಳಿದರೆ ಥಟ್ಟನೆ ಉತ್ತರ ಬರುವುದು ಅಪರೂಪ. ಪರೀಕ್ಷೆಯ ಹಿಂದಿನ ದಿನ ಇಬ್ಬರು ಸಹಪಾಠಿಗಳ ನಡುವೆ ಈ ವಿಷಯವಾಗಿ ಚರ್ಚೆ ನಡೆಯಿತೆಂದು ಕಲ್ಪಿಸಿಕೊಳ್ಳಬಹುದು. ಅವರ ಹೆಸರು ಸೋಮಶೇಖರ ಮತ್ತು ಗುರುಲಿಂಗ ಎಂದಿರಲಿ.

ಗುರುಲಿಂಗ: ಸೋಮು, ವರ್ಗವಲ್ಲದ ಮಾತೃಕೆಗೆ ವಿಲೋಮವಿಲ್ಲವೆಂದು ನೀನು ಬರೆದುಕೊಂಡಿರುವೆ. ಏಕಿಲ್ಲ?

ಸೋಮಶೇಖರ: ವಿಲೋಮ ಕಂಡುಹಿಡಿಯಲು ನಿರ್ಧಾರಕ ಬೇಕು. ವರ್ಗವಲ್ಲದ ಮಾತೃಕೆಗೆ ನಿರ್ಧಾರಕವೇ ಇಲ್ಲ. ಆದುದರಿಂದ ವಿಲೋಮವೂ ಇಲ್ಲ.

ಗುರುಲಿಂಗ: ಅದು ಸಾಲದು. ನಿರ್ಧಾರಕವು ವಿಲೋಮವನ್ನು ಕಂಡುಹಿಡಿಯುವ ಒಂದು ಸಾಧನ, ಅಷ್ಟೆ. ಕೈಯಲ್ಲಿ ಏಣಿ ಇಲ್ಲವೆಂದ ಮಾತ್ರಕ್ಕೆ ಮರದಲ್ಲಿ ಹಣ್ಣೇ ಇಲ್ಲವೆಂದು ಹೇಳಲಾದೀತೆ? ನಾನು ನಿರ್ಧಾರಕದ ಗೊಡವೆಯಿಲ್ಲದೆಯೇ ಒಂದನ್ನು ಕಂಡುಹಿಡಿದಿದ್ದೇನೆ, ನೋಡು.

ಹೀಗೆಂದು ಗುರುಲಿಂಗನು ಎರಡು ಮಾತೃಕೆಗಳನ್ನು ಬರೆದು ತೋರಿಸಿದನು.

```
A = | 1  0  1 |        B = | 1  0 |
    | 0  1  1 |            | 0  1 |
                           | 0  0 |
```

ಗುರುಲಿಂಗ: A ಮಾತೃಕೆಯ ಮೊದಲನೆಯ ಅಡ್ಡಸಾಲನ್ನು B ಮಾತೃಕೆಯ ಮೊದಲನೆಯ ಕಂಬಸಾಲಿನಿಂದ ಗುಣಿಸಿ ಕೂಡಿದರೆ 1, ಎರಡನೆಯ ಕಂಬಸಾಲಿನಿಂದಾದರೆ 0. ಎರಡನೆಯ ಅಡ್ಡಸಾಲಿನಿಂದ ಕ್ರಮವಾಗಿ 0 ಮತ್ತು 1. ಅಂದರೆ AB ಎಂಬುದು 2×2 ಏಕಮಾನ ಮಾತೃಕೆ. ಇನ್ನೇನು ಬೇಕು?

ಸೋಮಶೇಖರ: ಗುಣಾಕಾರ ಸರಿಯಾಗಿದೆ. ಆದರೆ ಮಾತೃಕೆಗಳಲ್ಲಿ ಗುಣಿಸುವ ಕ್ರಮ ಬದಲಾದರೆ ಫಲವೂ ಬದಲಾಗುತ್ತದೆ. ವಿಲೋಮವೆನಿಸಬೇಕಾದರೆ ಎರಡೂ ಕಡೆಯಿಂದ ಗುಣಿಸಿದಾಗ ಏಕಮಾನ ಬರಬೇಕು. BA ಎಷ್ಟಾಗುತ್ತದೆ ನೋಡು.

```
BA = | 1  0  1 |
     | 0  1  1 |
     | 0  0  0 |
```

ಸೋಮಶೇಖರ: ಇದು 3×3 ಮಾತೃಕೆಯೇನೋ ಹೌದು, ಆದರೆ ಏಕಮಾನವಲ್ಲ. ಕೊನೆಯ ಸಾಲು ಪೂರ್ಣ ಶೂನ್ಯ.

ಗುರುಲಿಂಗ: ಈ B ಎಡಗಡೆಯಿಂದ ಕೆಲಸ ಮಾಡದಿರಬಹುದು. ಎಡಗಡೆಗೆ ಒದಗುವ C ಎಂಬ ಬೇರೊಂದು ಮಾತೃಕೆಯನ್ನು ಹುಡುಕಿದರೆ?

ಸೋಮಶೇಖರ: ಹುಡುಕುವ ಮುನ್ನ A ಏನು ಮಾಡುತ್ತದೆಂಬುದನ್ನು ನೋಡೋಣ. ಅದು ಮೂರು ಸಂಖ್ಯೆಗಳನ್ನು ತೆಗೆದುಕೊಂಡು ಎರಡು ಸಂಖ್ಯೆಗಳನ್ನು ಕೊಡುತ್ತದೆ. ಒಬ್ಬ ಹುಡುಗನ ಕನ್ನಡ, ಸಂಸ್ಕೃತ, ಗಣಿತದ ಅಂಕಗಳು ಆ ಮೂರು ಸಂಖ್ಯೆಗಳೆಂದುಕೊ. ಕನ್ನಡ ಮತ್ತು ಗಣಿತದ ಮೊತ್ತ, ಸಂಸ್ಕೃತ ಮತ್ತು ಗಣಿತದ ಮೊತ್ತ, ಇವೆರಡನ್ನು A ಹೇಳುತ್ತದೆ. ಅಂಕಗಳು 50, 70, 60 ಆಗಿದ್ದರೆ ಮೊತ್ತಗಳೆಷ್ಟು?

ಗುರುಲಿಂಗ: 110 ಮತ್ತು 130.

ಸೋಮಶೇಖರ: ಇನ್ನೊಬ್ಬನ ಅಂಕಗಳು 60, 80, 50 ಆಗಿದ್ದರೆ?

ಗುರುಲಿಂಗ: ಅವೂ 110 ಮತ್ತು 130!

ಸೋಮಶೇಖರ: ಈಗ ನಿನ್ನ C ಕಾಣುವುದು ಈ ಎರಡು ಮೊತ್ತಗಳನ್ನು ಮಾತ್ರ. ಅದು ಮೊದಲನೆಯವನಿಗೆ 50, 70, 60 ಎಂದೂ ಎರಡನೆಯವನಿಗೆ 60, 80, 50 ಎಂದೂ ಹಿಂದಿರುಗಿಸಬೇಕು. ಒಂದೇ ಮೊತ್ತದಿಂದ ಎರಡು ಬೇರೆ ಬೇರೆ ಉತ್ತರ ಕೊಡುವುದು ಯಾವ ಮಾತೃಕೆಗೂ ಸಾಧ್ಯವಿಲ್ಲ. ಆದುದರಿಂದ ಅಂತಹ C ಇಲ್ಲವೇ ಇಲ್ಲ.

ಗುರುಲಿಂಗ: ಬೇರೆ ಯಾವುದಾದರೂ 2×3 ಮಾತೃಕೆಯನ್ನು ಆರಿಸಿಕೊಂಡಿದ್ದರೆ?

ಸೋಮಶೇಖರ: ಆಗಲೂ ಹೀಗೆಯೇ. ಈ ಇಬ್ಬರ ಅಂಕಗಳ ವ್ಯತ್ಯಾಸ 10, 10, -10. ಅದಕ್ಕೆ A ಕೊಡುವ ಫಲ 0 ಮತ್ತು 0. ಬಲಭಾಗದಲ್ಲಿ ಸೊನ್ನೆಗಳೇ ಇರುವ ಎರಡು ಸಮೀಕರಣಗಳಲ್ಲಿ ಮೂರು ಅವ್ಯಕ್ತಗಳಿದ್ದರೆ, ಎಲ್ಲವೂ ಸೊನ್ನೆಯಲ್ಲದ ಪರಿಹಾರವೊಂದು ಸಿಕ್ಕೇ ಸಿಗುತ್ತದೆ. ಅವ್ಯಕ್ತಗಳನ್ನು ಒಂದೊಂದಾಗಿ ನಿವಾರಿಸುತ್ತ ಹೋದರೆ ಎರಡು ಸಮೀಕರಣಗಳು ಹೆಚ್ಚೆಂದರೆ ಎರಡನ್ನು ಕಟ್ಟಿಹಾಕಬಲ್ಲವು. ಕೊನೆಗೆ ಒಂದಾದರೂ ನಮ್ಮ ಇಚ್ಛೆಗೆ ಉಳಿಯುತ್ತದೆ. ಆ ಪರಿಹಾರವನ್ನು ಯಾವ ಅಂಕಪಟ್ಟಿಗೆ ಕೂಡಿಸಿದರೂ ಮೊತ್ತಗಳು ಬದಲಾಗವು.

ಗುರುಲಿಂಗ: ಹಾಗಾದರೆ ನನ್ನ B ಮಾಡಿದ್ದೇನು?

ಸೋಮಶೇಖರ: 110 ಮತ್ತು 130ನ್ನು ಅದಕ್ಕೆ ಕೊಟ್ಟು ನೋಡು.

ಗುರುಲಿಂಗ: ಕನ್ನಡದಲ್ಲಿ 110, ಸಂಸ್ಕೃತದಲ್ಲಿ 130, ಗಣಿತದಲ್ಲಿ 0. ನೂರಕ್ಕೆ ನೂರಹತ್ತು ಕೊಡುವ ಮೇಷ್ಟ್ರು ಎಲ್ಲಿದ್ದಾರಪ್ಪ!

ಸೋಮಶೇಖರ: ಆದರೂ ಮೊತ್ತಗಳು ಸರಿಹೊಂದುತ್ತವೆ. ಈ ಮೊತ್ತಗಳು ಬರುವಂತಹ ಯಾವುದಾದರೊಂದು ಪಟ್ಟಿಯನ್ನು ಹೇಳೆಂದರೆ B ಹೇಳುತ್ತದೆ. ಹುಡುಗನ ನಿಜವಾದ ಅಂಕಗಳನ್ನು ಹೇಳೆಂದರೆ ಅದಕ್ಕೆ ತಿಳಿಯದು.

ಈ ಸಂವಾದದಿಂದ ಎರಡು ಸಂಗತಿಗಳು ಹೊರಡುತ್ತವೆ. ಗುರುಲಿಂಗನ B ಎಂಬುದು ಬಲವಿಲೋಮ. ಅದು ಒಂದೇ ಅಲ್ಲ. B ಮಾತೃಕೆಯ ಯಾವ ಕಂಬಸಾಲಿಗಾದರೂ 1, 1, -1 ಇವುಗಳ ಯಾವುದೇ ಗುಣಕವನ್ನು ಕೂಡಿಸಿದರೆ ಇನ್ನೊಂದು ಬಲವಿಲೋಮ ಸಿದ್ಧವಾಗುತ್ತದೆ. ನಿಜವಾದ ವಿಲೋಮವಾದರೋ ಇರುವುದಾದರೆ ಒಂದೇ ಇರುತ್ತದೆ. ಬಲವಿಲೋಮವೂ ಎಲ್ಲ 2×3 ಮಾತೃಕೆಗಳಿಗಿಲ್ಲ. ಒಂದು ಅಡ್ಡಸಾಲು ಇನ್ನೊಂದರ ಗುಣಕವಾಗಿದ್ದರೆ, ಉದಾಹರಣೆಗೆ 1, 0, 1ರ ಕೆಳಗೆ 2, 0, 2 ಇದ್ದರೆ, ಎರಡನೆಯ ಫಲ ಯಾವಾಗಲೂ ಮೊದಲನೆಯದರ ಎರಡರಷ್ಟೇ ಆಗಿರುವುದರಿಂದ ಬಲವಿಲೋಮವೂ ಅಸಾಧ್ಯ.

ಎರಡನೆಯದಾಗಿ, ಗುರುಲಿಂಗನ ತಪ್ಪಿಗೆ ಕಾರಣವಿತ್ತು. ವರ್ಗ ಮಾತೃಕೆಗಳಲ್ಲಿ ಒಂದು ಕಡೆಯಿಂದ ಏಕಮಾನ ಬಂದರೆ ಇನ್ನೊಂದು ಕಡೆಯಿಂದಲೂ ತಾನಾಗಿಯೇ ಬರುತ್ತದೆ. ಆದ್ದರಿಂದ ತರಗತಿಯಲ್ಲಿ ಒಂದೇ ಕಡೆ ಗುಣಿಸಿ ನೋಡಿ ತೃಪ್ತರಾಗುವ ಅಭ್ಯಾಸ ಬೆಳೆಯುತ್ತದೆ. ವರ್ಗವಲ್ಲದ ಮಾತೃಕೆಯ ಮುಂದೆ ಆ ಅಭ್ಯಾಸ ಕೈಕೊಡುತ್ತದೆ. ಉತ್ತರಪತ್ರಿಕೆಯಲ್ಲಿ ನಿರ್ಧಾರಕವಿಲ್ಲವೆಂದಷ್ಟೇ ಬರೆಯುವುದಕ್ಕಿಂತ, ಸೊನ್ನೆಯಲ್ಲದ ಪಟ್ಟಿಯೊಂದನ್ನು ಈ ಮಾತೃಕೆ ಸೊನ್ನೆಗೆ ಒಯ್ಯುತ್ತದೆ, ಆದ್ದರಿಂದ ಎಡವಿಲೋಮವಿರಲಾರದು ಎಂದು ಬರೆದರೆ ಕಾರಣವನ್ನೇ ಹೇಳಿದಂತಾಗುತ್ತದೆ.

ಹಲವು ಬಲವಿಲೋಮಗಳಿರುವಾಗ ಯಾವುದನ್ನು ಆರಿಸಬೇಕೆಂಬ ಪ್ರಶ್ನೆಯನ್ನು ಗಣಿತಜ್ಞರು ಬಹುಕಾಲ ವಿಚಾರಿಸಿದ್ದಾರೆ. ಅಮೆರಿಕದ ಇ. ಎಚ್. ಮೂರ್ 1920ರಲ್ಲಿಯೂ ಇಂಗ್ಲೆಂಡಿನ ರೋಜರ್ ಪೆನ್‌ರೋಸ್ 1955ರಲ್ಲಿಯೂ ಪ್ರತ್ಯೇಕವಾಗಿ ಸೂಚಿಸಿದ ವಿಲೋಮವು, ಸರಿಹೊಂದುವ ಪಟ್ಟಿಗಳಲ್ಲಿ ವರ್ಗಗಳ ಮೊತ್ತ ಅತ್ಯಲ್ಪವಾಗಿರುವುದನ್ನು ಆರಿಸುತ್ತದೆ. ಮೇಲಿನ ಲೆಕ್ಕದಲ್ಲಿ ಅದು ಕೊಡುವ ಉತ್ತರ 30, 50, 80. ಇದರ ವರ್ಗಗಳ ಮೊತ್ತ 9,800. 50, 70, 60ಕ್ಕೆ ಅದೇ ಮೊತ್ತ 11,000. ಹೂವಿನಹಡಗಲಿಯಲ್ಲಿ 1920ರಲ್ಲಿ ಜನಿಸಿದ ಸಂಖ್ಯಾಶಾಸ್ತ್ರಜ್ಞ ಸಿ. ಆರ್. ರಾವ್ ಅವರು ಇಂತಹ ವಿಲೋಮಗಳ ಶಾಸ್ತ್ರವನ್ನು ವಿಸ್ತರಿಸಿ, ಎಸ್. ಕೆ. ಮಿತ್ರ ಅವರೊಡನೆ 1971ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಅವಲೋಕನಗಳು ಅವ್ಯಕ್ತಗಳಿಗಿಂತ ಕಡಿಮೆಯಾದಾಗಲೂ ಸಂಖ್ಯಾಶಾಸ್ತ್ರಜ್ಞನು ಸುಮ್ಮನೆ ಕೂರುವಂತಿಲ್ಲ. ಅಲ್ಲಿ ಈ ಸಾಧನ ನೆರವಿಗೆ ಬರುತ್ತದೆ. ಆದರೆ ಆ ಹುಡುಗ ನಿಜವಾಗಿ ಪಡೆದದ್ದು 50, 70, 60 ಆಗಿದ್ದರೆ, 30, 50, 80 ಎಂಬುದು ಸೊಗಸಾದ ಊಹೆಯೇ ಹೊರತು ಅವನ ಅಂಕಪಟ್ಟಿಯಲ್ಲ. ಮೂರು ಸಂಖ್ಯೆಗಳನ್ನು ಎರಡಕ್ಕೆ ಇಳಿಸಿದಾಗ ಕಳೆದುಹೋದುದನ್ನು ಯಾವ ವಿಲೋಮವೂ ಮರಳಿ ತಾರದು.