ಹೋಂವರ್ಕ್ ತಪ್ಪಿದಾಗ ಕಳಿಸುವ ತಿದ್ದುಪಡಿ

ಪೋಷಕರ ವಾಟ್ಸಾಪ್ ಗ್ರೂಪಿಗೆ ಹೋದ ಹೋಂವರ್ಕ್ ವಿವರದಲ್ಲಿ ತಪ್ಪಿದ್ದರೆ, ಅದನ್ನು ಸರಿಪಡಿಸಲು ಶಿಕ್ಷಕರು ಕಳಿಸುವ ಎರಡನೆಯ ಸಂದೇಶವೇ ತಿದ್ದುಪಡಿ. ಹಳೆಯದನ್ನು ಬಿಟ್ಟು ಏನು ಮಾಡಬೇಕು, ಈಗಾಗಲೇ ಮಾಡಿದ್ದರ ಗತಿಯೇನು ಎಂಬ ಎರಡು ಪ್ರಶ್ನೆಗಳಿಗೆ ಅದರಲ್ಲಿ ಉತ್ತರ ಇರಬೇಕು.

ನಾಲ್ಕನೇ ತರಗತಿಯ ಒಂದು ಉದಾಹರಣೆ ನೋಡಬಹುದು. ಸೋಮವಾರ ಸಂಜೆ 4:30ಕ್ಕೆ ಗಣಿತದ ಹೋಂವರ್ಕ್ ‘ಪುಟ 42, ಲೆಕ್ಕ 1ರಿಂದ 5’ ಎಂದು ಹೋಗಿದೆ. ಇರಬೇಕಾದದ್ದು ಪುಟ 24, ಅಂಕಿಗಳು ಅದಲುಬದಲಾಗಿವೆ. ಪುಟ 42ರಲ್ಲಿರುವುದು ಇನ್ನೂ ಕಲಿಸದ ಭಾಗಾಕಾರ. ಆರು ಗಂಟೆಗೆ ತಾಯಿಯೊಬ್ಬರು, ‘ಮಿಸ್, ಈ ಲೆಕ್ಕ ಇನ್ನೂ ಹೇಳಿಕೊಟ್ಟಿಲ್ಲವಂತೆ’ ಎಂದು ಕೇಳಿದಾಗ ತಪ್ಪು ಗೊತ್ತಾಗುತ್ತದೆ. ಆಗ ಕಳಿಸಬೇಕಾದ ಸಂದೇಶ ಇಷ್ಟು:

‘4ನೇ ತರಗತಿ ಗಣಿತ, ಹೋಂವರ್ಕ್ ತಿದ್ದುಪಡಿ. ಪುಟ 24, ಲೆಕ್ಕ 1ರಿಂದ 5 ಮಾಡಿಸಿ. ಸಂಜೆ ಪುಟ 42 ಎಂದು ತಪ್ಪಾಗಿ ಕಳಿಸಿದ್ದೆ. ಅದನ್ನು ಮಾಡಿದ ಮಕ್ಕಳು ಅಳಿಸುವುದು ಬೇಡ. ಇವತ್ತು ಆಗದಿದ್ದರೆ ಬುಧವಾರ ತಂದರೂ ಆಯಿತು. ತೊಂದರೆಯಾದದ್ದಕ್ಕೆ ಕ್ಷಮಿಸಿ.’

ಇಲ್ಲಿ ಸರಿಯಾದ ಪುಟ ಮೊದಲು ಬಂದಿದೆ. ಅಡುಗೆಮನೆಯಲ್ಲೋ ಬಸ್ಸಿನಲ್ಲೋ ಇರುವವರು ಮೊದಲ ಸಾಲಷ್ಟೇ ಓದಿ ಮಗುವಿಗೆ ಹೇಳುತ್ತಾರೆ. ಅಲ್ಲಿ 42 ಇದ್ದರೆ ಮತ್ತೆ ಅದೇ ಮನಸ್ಸಿನಲ್ಲಿ ಉಳಿಯುತ್ತದೆ. ಹಾಗೆಂದು ತಪ್ಪು ಅಂಕಿಯನ್ನು ಪೂರ್ತಿ ಬಿಡುವಂತಿಲ್ಲ. ಬಿಟ್ಟರೆ, ಎರಡು ಪುಟವನ್ನೂ ಮಾಡಬೇಕೇನೋ ಎಂದು ಕೆಲವರು ತಿಳಿಯುತ್ತಾರೆ. ಕ್ಷಮೆಗೆ ಕೊನೆಯ ಒಂದು ಸಾಲು ಸಾಕು. ಕೆಲಸದ ಒತ್ತಡ, ಆತುರ ಎಂಬ ಕಾರಣಗಳು ಸೇರಿದಷ್ಟೂ ಪುಟದ ಸಂಖ್ಯೆ ಹುಡುಕುವುದು ಕಷ್ಟವಾಗುತ್ತದೆ.

ಹಳೆಯ ಸಂದೇಶವನ್ನೇ ತಿದ್ದಿದರೆ ಸಾಲದು. ವಾಟ್ಸಾಪಿನಲ್ಲಿ ಹಾಗೆ ತಿದ್ದಲು 15 ನಿಮಿಷ ಮಾತ್ರ ಅವಕಾಶವಿದೆ, ತಿದ್ದಿದ್ದಕ್ಕೆ ಮೊಬೈಲ್ ಸದ್ದು ಮಾಡುವುದಿಲ್ಲ. ಆಗಲೇ ಓದಿದವರು ಮತ್ತೆ ತೆರೆದು ನೋಡುವುದೂ ಅಪರೂಪ. ಅಜ್ಜಿಗೋ ಟ್ಯೂಷನ್ ಟೀಚರಿಗೋ ಫಾರ್ವರ್ಡ್ ಆದ ಪ್ರತಿ ಹಳೆಯದಾಗಿಯೇ ಉಳಿಯುತ್ತದೆ. ಆದ್ದರಿಂದ ತಪ್ಪಾದ ಸಂದೇಶಕ್ಕೇ ‘ರಿಪ್ಲೈ’ ಒತ್ತಿ ಹೊಸದನ್ನು ಬರೆಯುವುದು ಒಳ್ಳೆಯದು. ಯಾವುದಕ್ಕೆ ತಿದ್ದುಪಡಿ ಎಂಬುದು ಅಲ್ಲೇ ಕಾಣುತ್ತದೆ. ಓದು ಬಾರದ ಪೋಷಕರಿದ್ದರೆ ಅದನ್ನೇ ವಾಯ್ಸ್ ಮೆಸೇಜಿನಲ್ಲೂ ಹೇಳಬೇಕು.

ತಪ್ಪು ರಾತ್ರಿ ಹತ್ತಕ್ಕೆ ಗೊತ್ತಾದರೆ ಮಕ್ಕಳು ಮಲಗಿರುತ್ತಾರೆ. ಆಗ ಹೊಸ ಪುಟ ಕೊಡದೆ, ‘ಪುಟ 42 ಬೇಡ, ಪುಟ 24ನ್ನು ನಾಳೆ ತರಗತಿಯಲ್ಲೇ ಮಾಡಿಸುತ್ತೇನೆ, ಕ್ಷಮಿಸಿ’ ಎಂದರೆ ಸಾಕು.

ತಿದ್ದುಪಡಿ ಎಲ್ಲರಿಗೂ ತಲುಪಿತೇ ಎಂಬುದು ಬೆಳಿಗ್ಗೆ ನೋಟ್‌ಬುಕ್ ತೆರೆದಾಗ ತಿಳಿಯುತ್ತದೆ. ಪುಟ 42 ಮಾಡಿಕೊಂಡು ಬಂದ ಮಗು ಹೇಳಿದ್ದನ್ನೇ ಮಾಡಿದೆ. ಆ ಪುಟಕ್ಕೂ ಸಹಿ ಹಾಕಿ, ಪುಟ 24ಕ್ಕೆ ಬುಧವಾರದವರೆಗೆ ಸಮಯ ಕೊಡಬೇಕು.