ಸಂಜೆಯ ನಾಲ್ಕು ಕಿಲೋಮೀಟರ್

ಕೆನ್ಯಾದ ಕಪ್ತಗಾಟ್‌ನಲ್ಲಿ ಎಲಿಯುಡ್ ಕಿಪ್ಚೋಗೆ ಅಭ್ಯಾಸ ಮಾಡಿದ ಶಿಬಿರದ ದಿನಚರಿ ಸರಳ. ಬೆಳಿಗ್ಗೆ ಆರಕ್ಕೆಲ್ಲ ದೊಡ್ಡ ಓಟ, ಸಂಜೆ ನಾಲ್ಕರ ಹೊತ್ತಿಗೆ ಸುಮಾರು ಹತ್ತು ಕಿಲೋಮೀಟರಿನ ಸಣ್ಣ ಓಟ. 2022ರ ಬರ್ಲಿನ್ ಮ್ಯಾರಥಾನನ್ನು 2 ಗಂಟೆ 1 ನಿಮಿಷ 9 ಸೆಕೆಂಡಿನಲ್ಲಿ ಮುಗಿಸಿದ ಕಿಪ್ಚೋಗೆ ಅಂದು ಒಂದು ಕಿಲೋಮೀಟರಿಗೆ ಮೂರು ನಿಮಿಷವನ್ನೂ ತೆಗೆದುಕೊಂಡಿರಲಿಲ್ಲ. ಆದರೆ ಆ ಸೀಮೆಯ ಓಟಗಾರರ ಸಂಜೆಯ ಓಟ ತೀರಾ ನಿಧಾನವಾಗಿ, ಮಾತಾಡಿಕೊಂಡು ಶುರುವಾಗುತ್ತದೆ. ಎರಡನೇ ಓಟದ ಗುಟ್ಟು ಈ ನಿಧಾನದಲ್ಲೇ ಇದೆ.

ನೌಕರಿ, ಮನೆ ಎರಡನ್ನೂ ನಿಭಾಯಿಸುತ್ತಾ ಓಡುವವರಿಗೆ ಇದು ಹೇಗೆ ಒದಗುತ್ತದೆ? ಬೆಂಗಳೂರಿನ ಒಬ್ಬ ಓಟಗಾರ್ತಿಯನ್ನು ಕಲ್ಪಿಸಿಕೊಳ್ಳಿ. ಜನವರಿಯ ಮುಂಬೈ ಮ್ಯಾರಥಾನ್ ಅವರ ಗುರಿ. ಮಂಗಳವಾರ ಬಿರುಸಿನ ಓಟ 10 ಕಿಲೋಮೀಟರ್, ಬುಧವಾರ 8, ಗುರುವಾರ 10, ಶನಿವಾರ 8, ಭಾನುವಾರ ಉದ್ದದ ಓಟ 18. ವಾರಕ್ಕೆ ಒಟ್ಟು 54. ಅದನ್ನು 64ಕ್ಕೆ ಏರಿಸಬೇಕು. ಆದರೆ ಎಂಟು ಗಂಟೆಗೆ ಕಚೇರಿಯ ಬಸ್ಸು. ಬೆಳಗಿನ ಓಟಕ್ಕೆ ಒಂದು ಗಂಟೆಯ ಮೇಲೆ ಹೆಚ್ಚೇನೂ ಸಿಗದು.

ಸಮಯ ಸಿಕ್ಕರೂ ಬೆಳಗಿನ ಓಟವನ್ನೇ ಎಳೆಯುವುದಕ್ಕೆ ಒಂದು ಬೆಲೆ ಇದೆ. ದಣಿದ ಮೇಲಿನ ಕಿಲೋಮೀಟರುಗಳಲ್ಲಿ ಸೊಂಟ ಕುಸಿಯುತ್ತದೆ, ಹೆಜ್ಜೆ ಭಾರವಾಗಿ ಬೀಳುತ್ತದೆ, ಆ ಏಟನ್ನೆಲ್ಲ ಮೊಣಕಾಲು ಮತ್ತು ಕಣಕಾಲು ಹೊರುತ್ತವೆ. ಅದೇ ದೂರವನ್ನು ಸಂಜೆಗೆ ಇಟ್ಟರೆ ಕಾಲಿಗೆ ಹತ್ತು-ಹನ್ನೆರಡು ಗಂಟೆಯ ಬಿಡುವು ಸಿಗುತ್ತದೆ. ಮೂಳೆಯ ಜೀವಕೋಶಗಳು ಸತತ ಹೊಡೆತಕ್ಕೆ ಬೇಗ ಮಂಕಾಗಿ, ಕೆಲವು ಗಂಟೆಗಳ ವಿರಾಮದ ನಂತರ ಮತ್ತೆ ಸ್ಪಂದಿಸುವುದು ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಕಂಡಿದೆ. ಹೃದಯ ಮತ್ತು ಸ್ನಾಯುಗಳ ದಮ್ಮು ಬೆಳೆಯುವುದಕ್ಕಾದರೋ ವಾರದ ಒಟ್ಟು ಓಟದಲ್ಲಿ ಈ ಸಂಜೆಯ ಪಾಲೂ ಸೇರುತ್ತದೆ.

ನಮ್ಮ ಓಟಗಾರ್ತಿ ಮೊದಲ ಎರಡು ವಾರ ಮಂಗಳವಾರ ಸಂಜೆ ಮಾತ್ರ 4 ಕಿಲೋಮೀಟರ್ ಓಡುತ್ತಾರೆ, ಮೊತ್ತ 58. ಮುಂದಿನ ಎರಡು ವಾರ ಗುರುವಾರ ಸಂಜೆಯೂ 4, ಮೊತ್ತ 62. ಐದನೇ ವಾರ ಸಂಜೆಯ ಓಟಗಳಿಗೆ ರಜೆ. ಆರನೇ ವಾರದಿಂದ ಎರಡೂ ಸಂಜೆ ಐದೈದು ಕಿಲೋಮೀಟರ್; ಅಲ್ಲಿಗೆ 64. ಬೆಳಗಿನ ಆರಾಮದ ಓಟದಲ್ಲಿ ಕಿಲೋಮೀಟರಿಗೆ ಆರೂಕಾಲು ನಿಮಿಷ ಹಿಡಿದರೆ ಸಂಜೆ ಏಳು ನಿಮಿಷ ಹಿಡಿಯಲಿ. ಮೂವತ್ತೈದು ನಿಮಿಷದಲ್ಲಿ ಮನೆ ಸೇರಬಹುದು.

ಬಿರುಸಿನ ಓಟವಿದ್ದ ಮಂಗಳವಾರವೇ ಸಂಜೆಯೂ ಏಕೆ ಓಡಬೇಕು ಎಂದು ಅನ್ನಿಸಬಹುದು. ದಣಿವನ್ನೆಲ್ಲ ಒಂದೇ ದಿನಕ್ಕೆ ಕೂಡಿಸಿದರೆ ಬುಧವಾರ ಹಗುರವಾಗಿಯೇ ಉಳಿಯುತ್ತದೆ. ಸೋಮವಾರ, ಶುಕ್ರವಾರದ ವಿಶ್ರಾಂತಿಯನ್ನು ಮಾತ್ರ ಮುಟ್ಟಬಾರದು.

ನಿಧಾನ ಓಡಲು ಹೊಟ್ಟೆಯ ಲೆಕ್ಕವೂ ಕಾರಣ. ಬೆಳಗಿನ ಓಟ ಸ್ನಾಯುಗಳಲ್ಲಿ ಕೂಡಿಟ್ಟ ಗ್ಲೈಕೋಜನ್ ಎಂಬ ಇಂಧನವನ್ನು ಖರ್ಚು ಮಾಡುತ್ತದೆ. ಅದು ಚೆನ್ನಾಗಿ ಬರಿದಾಗಿದ್ದರೆ ಪೂರ್ತಿ ತುಂಬಲು ಸುಮಾರು ಒಂದು ದಿನ ಬೇಕು. ಆದ್ದರಿಂದ ಬೆಳಿಗ್ಗೆ ಓಡಿ ಬಂದು ಒಂದು ಗಂಟೆಯೊಳಗೆ ಇಡ್ಲಿಯೋ ಅವಲಕ್ಕಿಯೋ ಹೊಟ್ಟೆಗೆ ಬೀಳಬೇಕು. ಮಧ್ಯಾಹ್ನದ ಅನ್ನ, ಮುದ್ದೆ ಮುಗಿದು ಮೂರು ಗಂಟೆಯಾದರೂ ಕಳೆದಿರಬೇಕು. ಸಂಜೆ ಹೊರಡುವ ಗಂಟೆಯ ಮುಂಚೆ ಒಂದು ಬಾಳೆಹಣ್ಣು ಸಾಕು. ಕಲಬುರಗಿ, ರಾಯಚೂರಿನ ಏಪ್ರಿಲ್ ಸಂಜೆಯಲ್ಲಿ ರಸ್ತೆ ಇನ್ನೂ ಕಾದಿರುತ್ತದೆ. ಆ ತಿಂಗಳುಗಳಲ್ಲಿ ಇದನ್ನು ಕೈಬಿಡುವುದೇ ಸರಿ.

ಎಡವುವುದು ಹೆಚ್ಚಾಗಿ ವೇಗದಲ್ಲಿ. ಸಂಜೆ ಮೈ ಬೆಚ್ಚಗಿರುತ್ತದೆ, ಕಾಲು ತಾನಾಗಿ ಓಡುತ್ತದೆ, ಗೊತ್ತಾಗದೆಯೇ ಇನ್ನೊಂದು ಬಿರುಸಿನ ಓಟವಾಗಿಬಿಡುತ್ತದೆ. ಪೂರ್ತಿ ವಾಕ್ಯಗಳಲ್ಲಿ ಮಾತಾಡಲು ಆಗದಿದ್ದರೆ ಅದು ಅತಿಯಾಯಿತೆಂದೇ ಅರ್ಥ. ಮರುದಿನ ಹಾಸಿಗೆಯಲ್ಲೇ ನಾಡಿ ಎಣಿಸಿ; ಎಂದಿಗಿಂತ ಏಳೆಂಟು ಬಡಿತ ಹೆಚ್ಚಿದ್ದು, ಎರಡು ಮೂರು ದಿನ ಹಾಗೇ ಇದ್ದರೆ ಸಂಜೆಯ ಓಟ ನಿಲ್ಲಿಸಿ. ಕಣಕಾಲಿನ ಮೂಳೆಯಲ್ಲಿ ಒಂದೇ ಬೆರಳಿನಿಂದ ತೋರಿಸಬಹುದಾದ ಜಾಗದಲ್ಲಿ ನೋವಿದ್ದರೆ ಓಟವನ್ನೇ ನಿಲ್ಲಿಸಿ ವೈದ್ಯರನ್ನು ಕಾಣಿ. ಅದು ಮೂಳೆಯ ಬಿರುಕಿನ ಸೂಚನೆಯಾಗಿರಬಹುದು.

ವಾರಕ್ಕೆ ಮೂರು ದಿನ ಓಡುವವರಿಗೆ ಇದರ ಅಗತ್ಯವಿಲ್ಲ. ಅವರು ನಾಲ್ಕನೇ, ಐದನೇ ದಿನವನ್ನು ಮೊದಲು ಸೇರಿಸಲಿ. ಭಾನುವಾರದ 18 ಕಿಲೋಮೀಟರನ್ನು ಒಂಬತ್ತೊಂಬತ್ತಾಗಿ ಒಡೆಯುವುದಂತೂ ಬೇಡ. ಮ್ಯಾರಥಾನಿನ ಕೊನೆಯ ಗಂಟೆಯಲ್ಲಿ ದಣಿದ ಕಾಲಿನಲ್ಲಿ ಓಡಬೇಕಾಗುತ್ತದೆ, ಆ ಅಭ್ಯಾಸ ಸಿಗುವುದು ಎಡೆಬಿಡದ ಉದ್ದದ ಓಟದಲ್ಲಿ. ಮಂಗಳವಾರ, ಗುರುವಾರದ ಸಂಜೆಗಳು ಆ ಭಾನುವಾರವನ್ನು ತಾಳಿಕೊಳ್ಳುವ ಕಾಲುಗಳನ್ನು ತಯಾರು ಮಾಡುತ್ತವೆ.