ಮಾರ್ಚ್ ಕೊನೆಗೇ ಬಂತು ತಂಗಿಯ ಮದುವೆ

ಅಕೌಂಟ್ಸ್ ವಿಭಾಗದವರು ಮಾರ್ಚ್‌ನಲ್ಲಿ ರಜೆ ಕೇಳುವ ಗೋಜಿಗೇ ಹೋಗುವುದಿಲ್ಲ. 31ಕ್ಕೆ ಹಣಕಾಸು ವರ್ಷ ಮುಗಿಯುತ್ತದೆ. ಗೋದಾಮಿನ ದಾಸ್ತಾನು ಎಣಿಸಬೇಕು, ಬ್ಯಾಂಕ್ ಲೆಕ್ಕ ತಾಳೆಯಾಗಬೇಕು, ಆ ದಿನ ಹೊರಟ ಸರಕಿನ ಬಿಲ್ಲು ಅದೇ ವರ್ಷದ ಪುಸ್ತಕಕ್ಕೆ ಬಿದ್ದಿರಬೇಕು.

ಆದರೂ ರಜೆ ಸಿಗುತ್ತದೆ. ಪೀಣ್ಯದ ಒಂದು ಬಿಡಿಭಾಗಗಳ ಕಾರ್ಖಾನೆಯನ್ನೇ ಊಹಿಸಿಕೊಳ್ಳಿ. ಅಲ್ಲಿನ ಅಕೌಂಟೆಂಟ್ ಹುಡುಗಿಯ ತಂಗಿಗೆ ಮಾರ್ಚ್ 27ಕ್ಕೆ ಮದುವೆ. ಮುಹೂರ್ತ ಗೊತ್ತಾದ ವಾರವೇ, ಅಂದರೆ ಜನವರಿಯಲ್ಲೇ, ಅವಳು ಮ್ಯಾನೇಜರ್ ಮುಂದೆ ನಿಲ್ಲುತ್ತಾಳೆ.

“ಏಪ್ರಿಲ್‌ನಲ್ಲಿ ಇಟ್ಕೊಳ್ಳೋಕಾಗ್ತಿರಲಿಲ್ವೇನಮ್ಮಾ?”

“ಗಂಡಿನ ಕಡೆಯವರು ನೋಡಿರೋ ಮುಹೂರ್ತ ಸಾರ್, ಛತ್ರಕ್ಕೆ ಅಡ್ವಾನ್ಸ್ ಕೊಟ್ಟಾಗಿದೆ. 25ರಿಂದ 28ರವರೆಗೆ ಸಾಕು. ಸ್ಟಾಕ್ ಎಣಿಕೆಗೆ ನಾನಿರ್ತೀನಿ.”

ಗಟ್ಟಿ ಕಾರಣ ಎಂದರೆ ಇಷ್ಟೇ: ತಾರೀಖು ಕೇಳುವವರ ಕೈಯಲ್ಲಿಲ್ಲ. ಪ್ರವಾಸವನ್ನು ಮುಂದೂಡಬಹುದು, ಅಕ್ಕತಂಗಿಯರ ಧಾರೆಯನ್ನಲ್ಲ. ಇನ್ನು, 31ನ್ನು ತಾನಾಗಿಯೇ ಬಿಟ್ಟುಕೊಟ್ಟದ್ದು ಅವಳ ಜಾಣತನ. ಮ್ಯಾನೇಜರಿಗೆ ನಿದ್ದೆಗೆಡಿಸುವ ದಿನ ಅದೊಂದೇ.

ಉಳಿದ ಕೆಲಸದಲ್ಲಿ ಹಿಂದಕ್ಕೆ ಎಳೆದುಕೊಳ್ಳಬಹುದಾದದ್ದು ಬೇಕಾದಷ್ಟಿದೆ. ಫೆಬ್ರವರಿವರೆಗಿನ ಬ್ಯಾಂಕ್ ತಾಳೆಯನ್ನು ಮಾರ್ಚ್ ಮೊದಲ ವಾರದಲ್ಲೇ ಮುಗಿಸಬಹುದು. ಗಿರಾಕಿಗಳಿಗೆ ಬಾಕಿ ಖಾತರಿಯ ಪತ್ರವನ್ನು ಆಗಲೇ ಕಳಿಸಿದರೆ, ತಕರಾರು ಇರುವ ಲೆಕ್ಕಗಳು ತಿಂಗಳ ಮಧ್ಯದೊಳಗೆ ಹೊರಬೀಳುತ್ತವೆ.

ಎಡವುವುದು ಬೇರೆ ಕಡೆ. ಕಂಪನಿಗಳ ನೆಟ್‌ಬ್ಯಾಂಕಿಂಗ್‌ನಲ್ಲಿ ಸಾಮಾನ್ಯವಾಗಿ ಒಬ್ಬರು ಪಾವತಿ ನಮೂದಿಸುತ್ತಾರೆ, ಇನ್ನೊಬ್ಬರು ಮಂಜೂರು ಮಾಡುತ್ತಾರೆ. ನಮೂದಿಸುವವಳೇ ರಜೆ ಹೋದರೆ ಸರಬರಾಜುದಾರರ ದುಡ್ಡು ನಿಂತುಹೋಗುತ್ತದೆ. ‘ನನ್ನ ಪಾಸ್‌ವರ್ಡ್ ತಗೋ’ ಎನ್ನುವುದು ದಾರಿಯಲ್ಲ: ತಪ್ಪು ನಮೂದಾದರೆ ಅದು ಛತ್ರದಲ್ಲಿ ಕುಳಿತವಳ ಹೆಸರಿನಲ್ಲೇ ಉಳಿಯುತ್ತದೆ. ಬದಲಿಯವರ ಹೆಸರಿಗೆ ಬೇರೆ ಲಾಗಿನ್ ಬೇಕು. ಅದಕ್ಕೆ ಬ್ಯಾಂಕಿಗೆ ಅರ್ಜಿ, ಅಧಿಕೃತ ಸಹಿ, ಓಡಾಟ ಎಲ್ಲ ಇರುತ್ತದೆ. ಜನವರಿಯಲ್ಲೇ ಬಾಯಿಬಿಟ್ಟದ್ದು ಕೆಲಸಕ್ಕೆ ಬರುವುದು ಇಲ್ಲಿ.

ಲಾಗಿನ್ ಬಂದ ಮೇಲೆ ಒಂದು ತಾಲೀಮು ನಡೆಯಬೇಕು. ಫೆಬ್ರವರಿ ತಿಂಗಳ ಲೆಕ್ಕವನ್ನು ಬದಲಿ ಸಹೋದ್ಯೋಗಿಯೇ ಮುಗಿಸಲಿ, ಅವಳು ಪಕ್ಕದಲ್ಲಿ ಸುಮ್ಮನೆ ಕೂರಲಿ. ಸುಮ್ಮನೆ ಕೂರುವುದೇ ಕಷ್ಟ, ಆದರೆ ಬಚ್ಚಿಟ್ಟುಕೊಂಡ ತೊಡಕುಗಳು ಹೊರಬರುವುದು ಆಗಲೇ. ಯಾವುದೋ ಪೋರ್ಟಲಿನ ಓಟಿಪಿ ಅವಳ ಮೊಬೈಲಿಗೇ ಬರುತ್ತಿರುತ್ತದೆ. ಸಾರಿಗೆ ಬಿಲ್ಲುಗಳ ಎಕ್ಸೆಲ್ ಹಾಳೆ ಅವಳ ಕಂಪ್ಯೂಟರಿನಲ್ಲಿ ಮಾತ್ರ ಇರುತ್ತದೆ. ಇವನ್ನು ಸರಿಪಡಿಸಲು ಇನ್ನೂ ಮೂರು ವಾರ ಕೈಯಲ್ಲಿದೆ.

ಇಷ್ಟಾದರೂ ಬಾಯಿಮಾತಿನ ‘ಆಯ್ತು, ನೋಡೋಣ’ ಮಂಜೂರಾತಿಯಲ್ಲ. ಮಾರ್ಚ್ 20ರ ಹೊತ್ತಿಗೆ ಅದು ಯಾರಿಗೂ ನೆನಪಿರುವುದಿಲ್ಲ. ದಿನಾಂಕ, ಬದಲಿಯವರ ಹೆಸರು, ಯಾವ ಕೆಲಸ ಯಾರದ್ದು ಎನ್ನುವುದನ್ನು ಬರೆದು ಮೇಲ್ ಕಳಿಸಿ, ಉತ್ತರ ತರಿಸಿಕೊಳ್ಳಬೇಕು. ಬದಲಿಯವರಿಗೂ ಅದರ ಪ್ರತಿ ಹೋಗಬೇಕು, ಯಾಕೆಂದರೆ ಅದೇ ವಾರ ರಜೆ ಹಾಕುವ ಯೋಚನೆ ಅವರಿಗೂ ಇದ್ದೀತು.